ಚಿನ್ನದ ನಗದು ಖರೀದಿ ಬಗ್ಗೆ ಬಂದ ನೋಟಿಸ್‌ಗೆ ಉತ್ತರ

ದಿನಾಂಕ: 26 ಆಗಸ್ಟ್ 2025

ಗೆ,
ಆದಾಯ ತೆರಿಗೆ ಅಧಿಕಾರಿಗಳು,
ಶಿವಮೊಗ್ಗ

ಇಂದ,
ಸುಮಿತ್ರಾ,
ಆಗುಂಬೆ ಹೋಬಳಿ, ತೀರ್ಥಹಳ್ಳಿ ತಾಲ್ಲೂಕು

ವಿಷಯ: ಕಲಂ 133(6)ರ ಅಡಿ 12 ಆಗಸ್ಟ್ 2025ರಂದು ಬಂದ ನೋಟಿಸ್ – 2023-24ನೇ ಹಣಕಾಸು ವರ್ಷದಲ್ಲಿ ಕೊಂಡ ಚಿನ್ನದ ಒಡವೆಗಳ ಹಣದ ಮೂಲ

ಮಾನ್ಯರೇ,

ತಮ್ಮ ನೋಟಿಸ್ ತಲುಪಿದೆ. ಶಿವಮೊಗ್ಗದ ಗಾಂಧಿ ಬಜಾರಿನ ಒಂದು ಅಂಗಡಿಯಲ್ಲಿ ನನ್ನ ಹೆಸರಿನ ಮೂರು ಬಿಲ್‌ಗಳಲ್ಲಿ ಒಟ್ಟು ₹4,83,400 ನಗದು ಕೊಟ್ಟು ಒಡವೆ ಕೊಂಡಿದ್ದೇನೆ, ರಿಟರ್ನ್ ಸಲ್ಲಿಸಿಲ್ಲ, ಈ ಹಣ ಎಲ್ಲಿಂದ ಬಂತು ಎಂದು ಕೇಳಿದ್ದೀರಿ. ಒಡವೆ ಕೊಂಡದ್ದು ನಿಜ. 3 ಮಾರ್ಚ್ 2024ರಂದು ನಮ್ಮ ಮಗಳ ಮದುವೆ ಆಯಿತು, ಅದಕ್ಕಾಗಿ ಕೊಂಡದ್ದು. ಆದರೆ ಅಷ್ಟೂ ನಗದಲ್ಲ. ಅದರಲ್ಲಿ ₹1,43,900 ನಮ್ಮ ಅತ್ತೆಯವರ ಹಳೇ ಚಿನ್ನದ ಬೆಲೆ. ಕೈಯಿಂದ ಕೊಟ್ಟ ನಗದು ₹3,39,500 ಮಾತ್ರ.

ಮೊದಲ ಬಿಲ್ 6 ನವೆಂಬರ್ 2023ರದು. 40 ಗ್ರಾಂನ ಎರಡೆಳೆ ಸರ, ₹2,55,400. ಬಿಲ್ಲಿನ ಮೊತ್ತ ಎರಡು ಲಕ್ಷ ದಾಟಿದ್ದರಿಂದ ಅಂಗಡಿಯವರು ಪ್ಯಾನ್ ಕೇಳಿದರು, ಕೊಟ್ಟೆ. ಬಿಲ್ಲಿನ ಕೆಳಗಡೆ 'ಹಳೇ ಚಿನ್ನ 27.900 ಗ್ರಾಂ, ₹1,43,900' ಎಂದು ಕಳೆದಿದ್ದಾರೆ. ಉಳಿದ ₹1,11,500 ನಗದು. ತಮಗೆ ಬಂದ ಮಾಹಿತಿಯಲ್ಲಿ ಬಿಲ್ಲಿನ ಮೇಲಿನ ಮೊತ್ತ ಮಾತ್ರ ಇದ್ದ ಹಾಗಿದೆ. ದಯವಿಟ್ಟು ಆ ಕೆಳಗಿನ ಸಾಲನ್ನೂ ನೋಡಬೇಕು.

ಆ ಹಳೇ ಚಿನ್ನ ಅಂದರೆ ಅತ್ತೆಯವರ ಅಡ್ಡಿಕೆ ಮತ್ತು ಒಂದು ಜೊತೆ ಬೆಂಡೋಲೆ. ಅವರು 11 ಮಾರ್ಚ್ 2022ರಂದು ತೀರಿಕೊಂಡರು. 2017ರಲ್ಲೇ ತೀರ್ಥಹಳ್ಳಿಯ ಉಪನೋಂದಣಿ ಕಚೇರಿಯಲ್ಲಿ ಉಯಿಲು ನೋಂದಾಯಿಸಿದ್ದರು. 'ನನ್ನ ಮೈಮೇಲಿನ ಒಡವೆ ಮತ್ತು ಬ್ಯಾಂಕಿನ ಠೇವಣಿ ಸೊಸೆಗೆ' ಎಂದು ಅದರಲ್ಲಿ ಬರೆದಿದೆ. ಒಡವೆಗಳ ಹೆಸರು ಇದೆ, ತೂಕ ಇಲ್ಲ. ಉಯಿಲು ಬರೆಸುವಾಗ ನಮ್ಮ ಕಡೆ ಯಾರೂ ತಕ್ಕಡಿ ತರುವುದಿಲ್ಲ.

ತೂಕಕ್ಕೆ ಬೇರೆ ದಾಖಲೆ ಸಿಕ್ಕಿತು. 2014ರಲ್ಲಿ ಕೊಳೆರೋಗದಿಂದ ಅಡಿಕೆ ಉದುರಿ ಹೋದಾಗ, ಅತ್ತೆಯವರು ತಮ್ಮ ಒಡವೆಗಳನ್ನು ನಮ್ಮೂರ ಸಹಕಾರ ಸಂಘದಲ್ಲಿ ಅಡವಿಟ್ಟು ಸಾಲ ತಂದಿದ್ದರು. ಮುಂದಿನ ವರ್ಷ ತೀರಿಸಿ ಬಿಡಿಸಿಕೊಂಡರು. ಆಗ ಸಂಘದ ಚಿನ್ನ ಪರೀಕ್ಷಕರು ಬರೆದ ಚೀಟಿ ಅವರ ಟ್ರಂಕಿನಲ್ಲಿ, ಪಹಣಿ ಕಾಗದಗಳ ನಡುವೆ ಇತ್ತು. ಅದರಲ್ಲಿ ಅಡ್ಡಿಕೆ 18.200 ಗ್ರಾಂ, ಬೆಂಡೋಲೆ ಜೊತೆ 9.800 ಗ್ರಾಂ, ಬಳೆ ನಾಲ್ಕು 33.500 ಗ್ರಾಂ, ಒಟ್ಟು 61.500 ಗ್ರಾಂ ಎಂದಿದೆ. ಅಡ್ಡಿಕೆ, ಬೆಂಡೋಲೆ ಸೇರಿದರೆ ಸರಿಯಾಗಿ 28 ಗ್ರಾಂ. ಅಂಗಡಿಯಲ್ಲಿ ತೂಗುವ ಮೊದಲು ಅಡ್ಡಿಕೆಯ ಕರಿ ದಾರ ಬಿಚ್ಚಿ ತೆಗೆದರು, ಅದಕ್ಕೇ 100 ಮಿಲಿಗ್ರಾಂ ಕಡಿಮೆ ಬಂದಿದೆ. ನಾಲ್ಕು ಬಳೆ ಇವತ್ತಿಗೂ ನನ್ನ ಹತ್ತಿರ ಇವೆ, ಯಾವಾಗ ಬೇಕಾದರೂ ತೋರಿಸುತ್ತೇನೆ. ಅತ್ತೆಯವರು ಆ ಅಡ್ಡಿಕೆ ಹಾಕಿಕೊಂಡು ನಿಂತಿರುವ ಒಂದು ಕಪ್ಪು ಬಿಳುಪು ಫೋಟೋ ಕೂಡ ಲಗತ್ತಿಸಿದ್ದೇನೆ. ಅಡ್ಡಿಕೆ ಕರಗಿಸಲು ನನಗೆ ಮನಸ್ಸಿರಲಿಲ್ಲ. ಆದರೆ ಕೊಂಡಿ ಸವೆದು ಎರಡು ಸಲ ಬಿದ್ದುಹೋಗಿತ್ತು. ಅಜ್ಜಿಯ ಚಿನ್ನ ಮೊಮ್ಮಗಳ ಕೊರಳಿಗೇ ಹೋಗಲಿ ಎಂದು ಕೊಟ್ಟೆವು.

ಇನ್ನು ನಗದಿನ ಲೆಕ್ಕ. ಉಯಿಲಿನಂತೆ ಅತ್ತೆಯವರ ಠೇವಣಿ ಬಡ್ಡಿ ಸಮೇತ ₹2,14,600 ನನ್ನ ಉಳಿತಾಯ ಖಾತೆಗೆ 8 ಆಗಸ್ಟ್ 2022ರಂದು ಜಮಾ ಆಗಿದೆ. ಅದಕ್ಕೆ ನಾಮಿನಿಯೂ ನಾನೇ. ಅದರಿಂದ 3 ನವೆಂಬರ್ 2023ರಂದು ₹1,10,000 ತೆಗೆದೆ, ಮೂರು ದಿನ ಬಿಟ್ಟು ಸರ ಕೊಂಡೆವು. ಕಡಿಮೆ ಬಿದ್ದ ₹1,500 ಮನೆಯಲ್ಲಿದ್ದ ಹಾಲಿನ ದುಡ್ಡು. ಅದಕ್ಕೆ ಚೀಟಿ ಇಲ್ಲ, ಇರುವುದನ್ನು ಇದ್ದ ಹಾಗೆ ಹೇಳುತ್ತಿದ್ದೇನೆ.

ಎರಡನೇ ಬಿಲ್ 24 ಜನವರಿ 2024, ನಾಲ್ಕು ಬಳೆ, ₹1,56,800. ಹಿಂದಿನ ದಿನ ಅದೇ ಖಾತೆಯಿಂದ ₹1,00,000 ತೆಗೆದಿದ್ದೆ. ಉಳಿದ ₹56,800 ನಮ್ಮ ಸ್ವಸಹಾಯ ಸಂಘದ ಉಳಿತಾಯ. 2008ರಿಂದ ವಾರ ವಾರ ಕಟ್ಟುತ್ತಿದ್ದೆ. ಮೊದಲು ₹20, ಆಮೇಲೆ ₹50, ಕೊನೆಯ ವರ್ಷಗಳಲ್ಲಿ ₹100. ಮಗಳ ಮದುವೆ ಎಂದು 12 ಜನವರಿ 2024ರಂದು ಸಂಘದಿಂದ ನನ್ನ ಪಾಲು ₹58,240 ತೆಗೆದುಕೊಂಡೆ. ಸಂಘದ ನಿರ್ಣಯ ಪುಸ್ತಕದ ಆ ಪುಟದ ಪ್ರತಿ ಇದೆ. ಪಾಸ್‌ಪುಸ್ತಕ ಮೂರು ಇವೆ. ಎರಡನೆಯದು ಒಂದು ಮಳೆಗಾಲದಲ್ಲಿ ನೆನೆದು ಕೆಲವು ಪುಟಗಳ ಶಾಯಿ ಹರಡಿದೆ. ಆ ತಿಂಗಳುಗಳ ಲೆಕ್ಕವನ್ನು ಸಂಘದ ಲೆಡ್ಜರ್‌ನಿಂದ ನಕಲು ಮಾಡಿಸಿ, ಅಧ್ಯಕ್ಷರ ಸಹಿ ಹಾಕಿಸಿ ಕೊಟ್ಟಿದ್ದೇನೆ. ಇಪ್ಪತ್ತು, ಐವತ್ತು ರೂಪಾಯಿ ಕೂಡಿಟ್ಟ ಹಣ ಇದು. ನನ್ನ ಮಟ್ಟಿಗೆ ಈ ಪುಸ್ತಕಗಳಿಗಿಂತ ದೊಡ್ಡ ದಾಖಲೆ ಬೇರೆ ಇಲ್ಲ.

ಮೂರನೇ ಬಿಲ್ 15 ಫೆಬ್ರವರಿ 2024ರದು. ಜುಮುಕಿ ಮತ್ತು ಅಳಿಯನಿಗೆ ಉಂಗುರ, ₹71,200. ಇದನ್ನು ಕೊಟ್ಟವರು ನನ್ನ ಯಜಮಾನರು. ಅವರ ಹೆಸರಿನಲ್ಲಿ 1 ಎಕರೆ 30 ಗುಂಟೆ ಅಡಿಕೆ ತೋಟವಿದೆ. ಫೆಬ್ರವರಿ 7ರಂದು ಮೂರು ಕ್ವಿಂಟಾಲ್ ರಾಶಿ ಅಡಿಕೆ ಮಾರಿ ₹1,43,250 ಅವರ ಖಾತೆಗೆ ಬಂದಿತ್ತು, 14ರಂದು ₹75,000 ತೆಗೆದರು. ಪಹಣಿ, ಮಾರಾಟದ ಪಟ್ಟಿ, ಬ್ಯಾಂಕ್ ಸ್ಟೇಟ್‌ಮೆಂಟ್ ಜೊತೆಗಿವೆ. ತೋಟದ ಈ ಆದಾಯಕ್ಕೆ ಕಲಂ 10(1)ರ ಪ್ರಕಾರ ವಿನಾಯಿತಿ ಇದೆ.

ಉಯಿಲಿನಿಂದ ಬಂದ ಹಣ, ಒಡವೆಗೆ ಕಲಂ 56(2)(x) ಅನ್ವಯಿಸುವುದಿಲ್ಲ ಎಂದು ತಿಳಿದಿದ್ದೇನೆ. ಹಳೇ ಚಿನ್ನ ಬದಲಾಯಿಸಿದ್ದನ್ನು ಮಾರಾಟವೆಂದು ಪರಿಗಣಿಸಬಹುದು ಎಂದು ನಮ್ಮ ಲೆಕ್ಕಪರಿಶೋಧಕರು ಹೇಳಿದರು. ಹಾಗಾಗಿ ಅದನ್ನೂ ಮುಚ್ಚಿಡದೆ ಬರೆಯುತ್ತಿದ್ದೇನೆ. ಅದರ ಮೂಲ ಬೆಲೆಯನ್ನು ಸೊನ್ನೆ ಎಂದೇ ಹಿಡಿದರೂ ಲಾಭ ₹1,43,900 ದಾಟುವುದಿಲ್ಲ. ಆ ವರ್ಷ ನನ್ನ ಹೊಲಿಗೆಯ ಸಂಪಾದನೆ ₹38,000, ಬ್ಯಾಂಕ್ ಬಡ್ಡಿ ₹9,300. ಎಲ್ಲ ಸೇರಿ ₹1,91,200. ಹಳೆಯ ಪದ್ಧತಿಯ ₹2,50,000 ಮಿತಿಗೂ ಇದು ಕಡಿಮೆ, ಹೊಸ ಪದ್ಧತಿಯ ₹3,00,000 ಮಿತಿಗೂ ಕಡಿಮೆ. ರಿಟರ್ನ್ ಸಲ್ಲಿಸದೇ ಇದ್ದದ್ದು ಈ ಕಾರಣಕ್ಕೆ.

ಮೂರೂ ಖರೀದಿ ಬೇರೆ ಬೇರೆ ದಿನದವು, ಯಾವ ದಿನವೂ ಕೊಟ್ಟ ನಗದು ಎರಡು ಲಕ್ಷ ಮುಟ್ಟಿಲ್ಲ. ಹಣ ತೆಗೆದ ದಿನ, ಒಡವೆ ಕೊಂಡ ದಿನ ಅಕ್ಕಪಕ್ಕದಲ್ಲೇ ಇವೆ. ಆದ್ದರಿಂದ ಇದನ್ನು ಕಲಂ 69ರ ಅಡಿ ಮೂಲ ತಿಳಿಯದ ಹೂಡಿಕೆ ಎಂದು ಪರಿಗಣಿಸದೆ, ಉತ್ತರ ಒಪ್ಪಿಕೊಂಡು ವಿಚಾರಣೆ ಮುಗಿಸಬೇಕೆಂದು ಕೇಳಿಕೊಳ್ಳುತ್ತೇನೆ. ಒಪ್ಪಲು ಕಷ್ಟವಾಗುವ ಅಂಶ ಯಾವುದಾದರೂ ಇದ್ದರೆ, ತೀರ್ಮಾನಕ್ಕೆ ಮೊದಲು ಖುದ್ದಾಗಿ ಬಂದು ಹೇಳಲು ಒಂದು ಅವಕಾಶ ಕೊಡಿ.

ಮೂರು ಬಿಲ್, ಉಯಿಲು, ಮರಣ ಪ್ರಮಾಣಪತ್ರ, 2014ರ ಅಡವು ಚೀಟಿ, ಫೋಟೋ, ಇಬ್ಬರ ಬ್ಯಾಂಕ್ ಸ್ಟೇಟ್‌ಮೆಂಟ್, ಸ್ವಸಹಾಯ ಸಂಘದ ಪಾಸ್‌ಪುಸ್ತಕ, ಲೆಡ್ಜರ್ ನಕಲು ಮತ್ತು ನಿರ್ಣಯದ ಪ್ರತಿ, ಪಹಣಿ, ಅಡಿಕೆ ಮಾರಾಟದ ಪಟ್ಟಿ, ಮದುವೆಯ ಕರೆಯೋಲೆ – ಇವುಗಳ ಪ್ರತಿಗಳನ್ನು ಪೋರ್ಟಲ್‌ನಲ್ಲಿ ಈ ಉತ್ತರದ ಜೊತೆ ಹಾಕಿದ್ದೇನೆ. ಪಾಸ್‌ಪುಸ್ತಕದ ನೆನೆದ ಪುಟಗಳು ಸ್ಕ್ಯಾನ್‌ನಲ್ಲಿ ಸ್ಪಷ್ಟವಾಗಿ ಬಂದಿಲ್ಲ. ಹೇಳಿದ ದಿನ ಮೂಲ ಪುಸ್ತಕವನ್ನೇ ಶಿವಮೊಗ್ಗಕ್ಕೆ ತರುತ್ತೇನೆ.

ಇಲ್ಲಿ ಬರೆದಿರುವುದೆಲ್ಲ ನನಗೆ ತಿಳಿದ ಮಟ್ಟಿಗೆ ಸತ್ಯ.

ತಮ್ಮ ವಿಶ್ವಾಸಿ,
ಸುಮಿತ್ರಾ