ಕಾರಟಗಿಯಿಂದ ಬಳ್ಳಾರಿಗೆ, ಮೊದಲ ಫೋನು

ಶರಣಬಸವ: ನಮಸ್ಕಾರ್ರಿ, ಅನ್ನಪೂರ್ಣ ಅವರೇನ್ರಿ? ನಾನು ಕಾರಟಗಿಯಿಂದ ಶರಣಬಸವ. ಮದುವಿ ಮಾತಿಗಂತ ನಿಮ್ಮ ಸೋದರಮಾವ ನಂಬರ್ ಕೊಟ್ರು. ಈಗ ಮಾತಾಡಬೌದೇನ್ರಿ, ಡ್ಯೂಟಿಯಾಗ ಅದೀರೇನು?

ಅನ್ನಪೂರ್ಣ: ನಮಸ್ಕಾರ್ರಿ. ಡ್ಯೂಟಿ ಎರಡು ಗಂಟೆಗೆ ಮುಗೀತು. ರೂಮ್‌ನಾಗೆ ನಾಲ್ಕು ಜನ ಇರ್ತೀವಿ, ಅದಕ್ಕೇ ಮಾಳಿಗೆ ಮೇಲೆ ಬಂದೀನಿ. ಮಾತಾಡ್ರಿ.

ಶರಣಬಸವ: ಊಟ ಆತೇನ್ರಿ?

ಅನ್ನಪೂರ್ಣ: ಆತ್ರಿ. ನಿಮ್ದು?

ಶರಣಬಸವ: ಆತ್ರಿ, ರೊಟ್ಟಿ, ಪುಂಡಿಪಲ್ಯ. ಒಂದು ಮಾತು ಮೊದ್ಲ ಹೇಳಿಬಿಡ್ತೀನ್ರಿ. ಬಯೋಡಾಟಾದಾಗ ‘ಸ್ವಂತ ವ್ಯವಸಾಯ, 12 ಎಕರೆ ನೀರಾವರಿ’ ಅಂತ ಬರದಾರ. ಅದು ಅಪ್ಪಾಜಿ ಹೆಸರಿನ್ಯಾಗ ಐತಿ, ಇನ್ನೂ ಪಾಲಾಗಿಲ್ಲ. ನಾನು, ತಮ್ಮ, ಅಕ್ಕ, ಮೂರು ಮಂದಿ. ನನ್ನ ಪಾಲಿಗೆ 4 ಎಕರೆ ಅಂತ ಹಿಡೀರಿ.

ಅನ್ನಪೂರ್ಣ: ನೆಲ್ಲೇನ್ರಿ?

ಶರಣಬಸವ: ನೆಲ್ಲ. ಎಕರೆಗೆ 35 ಚೀಲ ಬರ್ತೈತಿ, 75 ಕೆಜಿ ಚೀಲ. ಚೀಲಕ್ಕ 1,700 ಸಿಕ್ರ 59,500 ಆತು. ನಾಟಿ, ಗೊಬ್ಬರ, ಎಣ್ಣಿ, ಕೊಯ್ಯೋ ಮಷಿನ್ನು ಎಲ್ಲಾ ಸೇರಿ 40 ಸಾವಿರದ ಹತ್ರ ಹೋಗ್ತೈತಿ. ಉಳಿಯೋದು ಎಕರೆಗೆ 20 ಸಾವಿರ. ಎರಡು ಬೆಳಿ ಬಂದ್ರ ಸಂಸಾರ ನಡೀತೈತಿ. ಆದ್ರ 2024ರ ಆಗಸ್ಟ್‌ನಾಗ ತುಂಗಭದ್ರಾ ಡ್ಯಾಮಿನ 19ನೇ ಗೇಟು ಕೊಚ್ಚಿ ಹೋತಲ್ರಿ, ಗೇಟ್ ಬದಲಿ ಮಾಡಾಕಂತ ಈ ಸಲ ಬ್ಯಾಸಿಗಿ ಬೆಳಿಗೆ ನೀರು ಬಿಡಲಿಲ್ಲ. ಒಂದ ಬೆಳಿ.

ಅನ್ನಪೂರ್ಣ: ಸಾಲ?

ಶರಣಬಸವ: ಐತ್ರಿ. ಸೊಸೈಟಿಯಾಗ ಬೆಳಿಸಾಲ ಐತಿ, ಅದು ಟೈಮಿಗೆ ಕಟ್ಟಿದ್ರ ಬಡ್ಡಿ ಇಲ್ಲ. ಟ್ರ್ಯಾಕ್ಟರಿಂದು ಇನ್ನೂ 4 ಲಕ್ಷ ಉಳದೈತಿ. ಕಂತು ಆರು ತಿಂಗಳಿಗೊಮ್ಮೆ, 78 ಸಾವಿರ. ಜನವರಿದು ಕಟ್ಟೀನಿ. ಜುಲೈ ಕಂತು ಬ್ಯಾಸಿಗಿ ಬೆಳಿಯಿಂದ ಬರಬೇಕಿತ್ತು, ಈಗ ಬಾಡಿಗಿ ಹೊಡದು ಹೊಂದಸಾಕತ್ತೀನಿ. ದಲಾಲಿ ಅಂಗಡಿಯಾಗ ಕೇಳಿದ್ರ ಇವತ್ತ ಕೊಡ್ತಾರ, ಆದ್ರ ತಿಂಗಳಿಗೆ ನೂರಕ್ಕ 2 ರೂಪಾಯಿ ಬಡ್ಡಿ, ಮ್ಯಾಲೆ ನೆಲ್ಲು ಅವರ ಅಂಗಡಿಗೇ ಹಾಕಬೇಕು, ಅವರು ಹೇಳಿದ್ದ ರೇಟು. ಅದಕ್ಕ ಆ ಕಡಿ ಹೋಗಿಲ್ಲ.

ಅನ್ನಪೂರ್ಣ: ಮದುವಿ ಖರ್ಚಿಗೆ ದಲಾಲಿ ಅಂಗಡಿಗೆ ಹೋಗ್ತೀರೇನು ಮತ್ತೆ?

ಶರಣಬಸವ: ಇಲ್ರಿ. ಸಾಲ ಮಾಡಿ ಮದುವಿ ಬ್ಯಾಡ ಅಂತ ಅವ್ವಗೂ ಹೇಳೀನಿ. ನಿಮ್ಮ ಕಡಿಂದ ಬಂಗಾರ, ರೊಕ್ಕ ಏನೂ ಕೇಳಂಗಿಲ್ಲ.

ಅನ್ನಪೂರ್ಣ: ಒಳ್ಳೇದಾತು ಬಿಡ್ರಿ. ನಂದೂ ಹೇಳ್ತೀನಿ. ಸಂಬಳ 22 ಸಾವಿರ, ಖಾಸಗಿ ಆಸ್ಪತ್ರೆ, ಪರ್ಮನೆಂಟ್ ಅಲ್ಲ. ಮದುವಿ ಆದ್ಮೇಲೂ ಕೆಲಸ ಬಿಡಲ್ಲ, ಗಂಗಾವತಿಯಾಗೆ ನೋಡ್ಕೊಂತೀನಿ. ತಿಂಗಳಿಗೆ ಆರು ನೈಟ್ ಇರ್ತಾವೆ, ರಾತ್ರಿ 8ರಿಂದ ಬೆಳಿಗ್ಗೆ 8. ಬಂದು ಮಲಗಿದ್ರೆ ಮಧ್ಯಾಹ್ನ ಮೂರರ ತನಕ ಎಬ್ಬಿಸಬಾರದು. ಸೊಸಿ ಹಗಲೊತ್ತು ಬಾಗಿಲು ಹಾಕ್ಕೊಂಡು ಮಲಗ್ತಾಳೆ ಅಂತ ಓಣಿ ತುಂಬಾ ಮಾತಾದ್ರೆ ನಂಗೆ ತಡಿಯಕ್ಕಾಗಲ್ಲ. ಇದನ್ನ ನಿಮ್ಮವ್ವಗೆ ನೀವೇ ಈಗ್ಲೇ ಹೇಳ್ರಿ.

ಶರಣಬಸವ: ಹೇಳ್ತೀನ್ರಿ. ಬೆಳಗಿನ ನೀರು, ರೊಟ್ಟಿ ಆಕಿನ ನೋಡ್ಕೊಂತಾಳ. ಆ ಆರು ದಿನ ನಾನೂ ಕೈ ಹಚ್ತೀನಿ.

ಅನ್ನಪೂರ್ಣ: ಇನ್ನೊಂದು. ನನ್ನ ರಕ್ತದ ಗುಂಪು ಬಿ ನೆಗೆಟಿವ್. ನಿಮ್ದೇನ್ರಿ?

ಶರಣಬಸವ: ಒ ಪಾಸಿಟಿವ್. ಲೈಸೆನ್ಸ್‌ನಾಗ ಐತಿ.

ಅನ್ನಪೂರ್ಣ: ಲೈಸೆನ್ಸ್ ನಂಬಬ್ಯಾಡ್ರಿ, ಅಲ್ಲಿ ನಾವು ಬಾಯಿಲೆ ಹೇಳಿದ್ದನ್ನೇ ಬರ್ಕೊಂಡಿರ್ತಾರೆ. ಲ್ಯಾಬ್‌ನಾಗೆ ಮಾಡಿಸ್ರಿ.

ಶರಣಬಸವ: ನೆಗೆಟಿವ್ ಅಂದ್ರ ಏನಾರ ತೊಂದ್ರಿ ಐತೇನ್ರಿ?

ಅನ್ನಪೂರ್ಣ: ಕಾಯಿಲೆ ಅಲ್ರಿ. ಅಪ್ಪ ಪಾಸಿಟಿವ್ ಇದ್ರೆ ಮಗು ಪಾಸಿಟಿವ್ ಆಗಬೌದು. ಹೆರಿಗೆ ಹೊತ್ನಾಗೆ ಅದರ ರಕ್ತ ನನ್ನ ರಕ್ತಕ್ಕೆ ಸೇರಿದ್ರೆ ನನ್ನ ಮೈ ಅದನ್ನ ಹೊರಗಿನದು ಅಂತ ತಿಳಕೊಂಡು ಅದರ ಮೇಲೆ ಪ್ರತಿಕಾಯ ಮಾಡಿ ಇಟ್ಕೊಂತೈತೆ. ಮೊದಲನೇ ಮಗುಗೆ ಬಹಳ ಸಲ ಏನೂ ಆಗಲ್ಲ. ಮುಂದಿನದೂ ಪಾಸಿಟಿವ್ ಆದ್ರೆ ಅದರ ರಕ್ತದ ಕಣ ಒಡೀತಾವೆ, ಕಾಮಾಲೆ ಆಗ್ತೈತೆ, ಜೀವಕ್ಕೂ ಬರಬೌದು. ಅದಕ್ಕೆ ಆಂಟಿ-ಡಿ ಇಂಜೆಕ್ಷನ್ ಐತೆ. ಬಸುರಿದ್ದಾಗ 28 ವಾರಕ್ಕೆ ಒಂದು, ಮಗು ಪಾಸಿಟಿವ್ ಅಂತ ಗೊತ್ತಾದ್ರೆ ಹೆರಿಗೆ ಆಗಿ 72 ತಾಸಿನೊಳಗೆ ಇನ್ನೊಂದು. ಗರ್ಭ ಹೋದಾಗ್ಲೂ ಡಾಕ್ಟರ್‌ಗೆ ಹೇಳಿ ಕೇಳಲೇಬೇಕು, ಅಲ್ಲೇ ಜನ ಮರೀತಾರೆ. ನಿಶ್ಚಿತಾರ್ಥ ಆದ್ಮೇಲೆ ‘ನೆಗೆಟಿವ್’ ಅನ್ನೋ ಮಾತು ಕೇಳಿ ನಿಮ್ಮ ಮನೆಯವರು ಹೆದರಬಾರದು, ಅದಕ್ಕೇ ಇವತ್ತೇ ಹೇಳೀನಿ.

ಶರಣಬಸವ: ಹೇಳಿದ್ದು ಚಲೋ ಆತ್ರಿ. ನಾಳೆ ಗಂಗಾವತಿಗೆ ಹೋಗೋದೈತಿ, ಅಲ್ಲೇ ರಕ್ತ ಕೊಟ್ಟು ಬರ್ತೀನಿ. ರಿಪೋರ್ಟ್ ವಾಟ್ಸಾಪ್ ಮಾಡ್ಲೇನ್ರಿ?

ಅನ್ನಪೂರ್ಣ: ಮಾಡ್ರಿ. ನಂದೂ ಹಾಕ್ತೀನಿ. ಮಂಗಳವಾರದಿಂದ ನೈಟ್ ಐತೆ, ಫೋನ್ ಮಾಡಿದ್ರೆ ಸಂಜೆ ಐದರಿಂದ ಆರರೊಳಗೆ ಮಾಡ್ರಿ.

ಶರಣಬಸವ: ಮನ್ಯಾಗ ಈಗ ಎಲ್ಲಾರೂ ಕೇಳ್ತಾರ. ಏನಂತ ಹೇಳ್ಲಿ?

ಅನ್ನಪೂರ್ಣ: ಹೌದು ಅಂತನೂ ಬ್ಯಾಡ, ಇಲ್ಲ ಅಂತನೂ ಬ್ಯಾಡ. ಇನ್ನೊಂದು ಸಲ ಮಾತಾಡ್ತೀವಿ ಅಂತ ಹೇಳ್ರಿ. ನಾನೂ ಮಾವಗೆ ಅದನ್ನೇ ಹೇಳ್ತೀನಿ.

ಶರಣಬಸವ: ಆತ್ರಿ. ಇಡ್ಲೇನ್ರಿ?

ಅನ್ನಪೂರ್ಣ: ಇಡ್ರಿ.