ಸಮಗ್ರ ಅರ್ಥಶಾಸ್ತ್ರ: ಜೂನ್ 2ರಿಂದ 15ರವರೆಗಿನ ಪುನರಾವರ್ತನೆ

ಪರೀಕ್ಷೆ ಜೂನ್ 16ಕ್ಕೆ. 80 ಅಂಕ, 3 ಗಂಟೆ. ರಾಷ್ಟ್ರೀಯ ಆದಾಯ 24, ಆದಾಯ ನಿರ್ಧಾರ ಮತ್ತು ಗುಣಕ 20, ಹಣ ಮತ್ತು ಬ್ಯಾಂಕಿಂಗ್ 16, ಬಜೆಟ್ 12, ಪಾವತಿ ಶಿಲ್ಕು ಮತ್ತು ವಿನಿಮಯ ದರ 8. ದಿನಕ್ಕೆ 3 ಗಂಟೆ ಸಾಕು, ಆದರೆ ಅದರಲ್ಲಿ ಅರ್ಧ ಪೆನ್ನು ಹಿಡಿದೇ ಕಳೆಯಬೇಕು.

ಜೂನ್ 2–5: ರಾಷ್ಟ್ರೀಯ ಆದಾಯ, 24 ಲೆಕ್ಕ
ಮೊದಲ ದಿನ ಉತ್ಪಾದನಾ ವಿಧಾನ, ಎರಡನೆಯ ದಿನ ಆದಾಯ ವಿಧಾನ, ಮೂರನೆಯ ದಿನ ವೆಚ್ಚ ವಿಧಾನ. ನಾಲ್ಕನೆಯ ದಿನ ಮೂರನ್ನೂ ಕಲಸಿ ಮಾಡಿ. ಹೆಚ್ಚು ಅಂಕ ಹೋಗುವುದು ಚಿಹ್ನೆಯಲ್ಲಿ. ಮಾರುಕಟ್ಟೆ ಬೆಲೆಯ ಜಿಡಿಪಿ 1,200, ಸವಕಳಿ 100, ಪರೋಕ್ಷ ತೆರಿಗೆ 90, ಸಹಾಯಧನ 20, ವಿದೇಶದಿಂದ ಬಂದ ನಿವ್ವಳ ಆದಾಯ −30 ಎಂದಿರಲಿ:

1200 − 100 − (90 − 20) + (−30) = 1000

ಉತ್ತರ 1,060 ಬಂದರೆ −30 ಅನ್ನು +30 ಎಂದು ಕೂಡಿದ್ದೀರಿ. 960 ಬಂದರೆ ಸಹಾಯಧನವನ್ನೂ ತೆರಿಗೆಯ ಜೊತೆ ಕಳೆದಿದ್ದೀರಿ. ಹಳೆಯ ಸ್ಕೂಟರ್ ಮಾರಿದ ಹಣ ಲೆಕ್ಕಕ್ಕಿಲ್ಲ, ದಲ್ಲಾಳಿಯ ಕಮಿಷನ್ ಇದೆ. ವೃದ್ಧಾಪ್ಯ ವೇತನ ವರ್ಗಾವಣೆ ಪಾವತಿ, ಅದನ್ನು ಬಿಡಿ.

ಜೂನ್ 6–8: ಗುಣಕ, 18 ಲೆಕ್ಕ
C = 100 + 0.75Y, I = 50 ಆದರೆ Y = 600. ಅಲ್ಲಿಗೇ ನಿಲ್ಲಿಸದೆ ಉಳಿತಾಯದಿಂದ ತಾಳೆ ನೋಡಿ: −100 + 0.25 × 600 = 50, ಹೂಡಿಕೆಗೆ ಸರಿಸಮ. ಸರ್ಕಾರದ ವೆಚ್ಚ 20 ಹೆಚ್ಚಿದರೆ ಆದಾಯ 80 ಏರುತ್ತದೆ. ಒಟ್ಟು ತೆರಿಗೆ 20 ಹೆಚ್ಚಿದರೆ ಇಳಿಯುವುದು 60 ಮಾತ್ರ, ಏಕೆಂದರೆ ಜನ ತೆರಿಗೆಯ ಒಂದು ಪಾಲನ್ನು ಉಳಿತಾಯದಿಂದ ತೆರುತ್ತಾರೆ. ಈ ಕಾರಣ ಬರೆಯದೆ ಸೂತ್ರವನ್ನಷ್ಟೇ ಹಾಕಿದರೆ ಪೂರ್ತಿ ಅಂಕ ಸಿಗುವುದು ಕಷ್ಟ.

ಜೂನ್ 9: ಇದುವರೆಗಿನ ಎರಡು ಅಧ್ಯಾಯಗಳ ಮೇಲೆ 90 ನಿಮಿಷದ ಪತ್ರಿಕೆ. ತಪ್ಪುಗಳಿಗೆ ಬೇರೆ ನೋಟ್‌ಬುಕ್ ಇಡಿ.

ಜೂನ್ 10–11: ಹಣ ಮತ್ತು ಬ್ಯಾಂಕಿಂಗ್, 8 ಲೆಕ್ಕ
ಇಲ್ಲಿ ಥಿಯರಿಯೇ ಹೆಚ್ಚು: ಆರ್‌ಬಿಐ ಕಾರ್ಯಗಳು, ರೆಪೊ ದರ, ಸಿಆರ್‌ಆರ್. ಠೇವಣಿ 1,000, ಮೀಸಲು 20% ಇದ್ದರೆ ಒಟ್ಟು ಠೇವಣಿ 5,000. ಸೃಷ್ಟಿಯಾದ ಸಾಲ ಎಷ್ಟು ಎಂದು ಕೇಳಿದರೆ ಉತ್ತರ 4,000.

ಜೂನ್ 12: ಬಜೆಟ್, 6 ಲೆಕ್ಕ
ವೆಚ್ಚ 500, ರಾಜಸ್ವ ಸ್ವೀಕೃತಿ 350, ಸಾಲ ವಸೂಲಿ 30, ಬಡ್ಡಿ 90. ವಿತ್ತೀಯ ಕೊರತೆ 120, ಪ್ರಾಥಮಿಕ ಕೊರತೆ 30. ಸರ್ಕಾರ ಹೊಸದಾಗಿ ಎತ್ತಿದ ಸಾಲವನ್ನು ಸ್ವೀಕೃತಿಗೆ ಸೇರಿಸಿದರೆ ಕೊರತೆಯೇ ಮಾಯ!

ಜೂನ್ 13: ಪಾವತಿ ಶಿಲ್ಕು ಮತ್ತು ವಿನಿಮಯ ದರ. 8 ಅಂಕಕ್ಕೆ ಒಂದು ದಿನವೇ ಧಾರಾಳ. ಚಾಲ್ತಿ ಖಾತೆ, ಬಂಡವಾಳ ಖಾತೆಗಳ ವ್ಯತ್ಯಾಸ ಬರೆದು ನೋಡಿ.

ಜೂನ್ 14: ಬೆಳಗ್ಗೆ 10ರಿಂದ 1ರವರೆಗೆ ಪೂರ್ತಿ ಹಳೆಯ ಪತ್ರಿಕೆ, ಮೊಬೈಲ್ ಬೇರೆ ಕೋಣೆಯಲ್ಲಿ. ಒಂದು ಅಂಕಕ್ಕೆ ಎರಡು ನಿಮಿಷ. ಉಳಿಯುವ 20 ನಿಮಿಷ ಮರುಪರಿಶೀಲನೆಗೆ. ರೇಖಾಚಿತ್ರದ ಎರಡೂ ಅಕ್ಷಗಳಿಗೆ ಹೆಸರಿದೆಯೇ ನೋಡಿ.

ಜೂನ್ 15: ತಪ್ಪುಗಳ ನೋಟ್‌ಬುಕ್ ಮಾತ್ರ. ಅದರಲ್ಲಿ ಎರಡು ಸಲ ಬಂದ ತಪ್ಪುಗಳ ಲೆಕ್ಕವನ್ನು ಮತ್ತೊಮ್ಮೆ ಮಾಡಿ; ಹೊಸದು ಬೇಡ.