ಎಂಟೂ ಒಂದೇ ಮನೆಯಲ್ಲಿ

ಅಟ್ಟದ ಟ್ರಂಕಿನಲ್ಲಿ ಸಿಕ್ಕ ಪಂಚಾಂಗ ಪ್ಲವ ಸಂವತ್ಸರದ್ದು, 1961-62ರದ್ದು. ಅಂಚನ್ನು ಗೆದ್ದಲು ತಿಂದಿತ್ತು, ಅಂಕಿಗಳು ಉಳಿದಿದ್ದವು. ಮೇಷ್ಟ್ರಿಗೆ ಅಷ್ಟು ಸಾಕಿತ್ತು. ಸಾಗರದಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಭವಿಷ್ಯದಲ್ಲಿ ನಂಬಿಕೆ ಅಷ್ಟಕ್ಕಷ್ಟೆ, ಲೆಕ್ಕ ಕಂಡರೆ ಮಾತ್ರ ಸುಮ್ನಿರಲು ಆಗದು.

"ಮೊಬೈಲಿಗೆ ಹಾಕಿದ್ರೆ ಕ್ಷಣದಲ್ಲಿ ಕುಂಡಲಿ ಬರತ್ತಪ್ಪಾ" ಎಂದ ಮಗ.

"ದಾರಿ ತೋರಿಸದ ಉತ್ತರಕ್ಕೆ ನಾನು ಯಾವತ್ತೂ ಅಂಕ ಕೊಟ್ಟಿಲ್ಲ."

ಪಕ್ಕದ ಬೀದಿಯ ಭಟ್ಟರು ಕ್ರಮ ಹೇಳಿಕೊಟ್ಟರು. ಸೂರ್ಯೋದಯದಿಂದ ಎಣಿಸಬೇಕು. 24 ನಿಮಿಷಕ್ಕೆ ಒಂದು ಗಳಿಗೆ, ದಿನಕ್ಕೆ 60. ಲಗ್ನ ಅಂದರೆ ಹುಟ್ಟಿದ ಹೊತ್ತಿಗೆ ಪೂರ್ವದಲ್ಲಿ ಮೂಡುವ ರಾಶಿ. ಉದಯಕ್ಕೆ ಸೂರ್ಯ ಇರುವ ರಾಶಿಯೇ ಲಗ್ನ, ಅಲ್ಲಿಂದ ಒಂದೊಂದು ರಾಶಿ ಮೂಡಲು ಹಿಡಿಯುವ ಗಳಿಗೆ ಕೂಡುತ್ತಾ ಹೋಗುವುದು. ಮೊದಲ ಜಾತಕ ಹೆಂಡತಿಯದ್ದೇ ಎಂದು ಮೇಷ್ಟ್ರು ನಿರ್ಧರಿಸಿದ್ದರು. ಶಾರದಮ್ಮ ಹುಟ್ಟಿದ್ದು ಸಾಗರದಲ್ಲೇ, 4 ಫೆಬ್ರವರಿ 1962, ಭಾನುವಾರ. ಹೊತ್ತು? ಅಕ್ಕನಿಗೆ ಫೋನು ಹೋಯಿತು.

"ಮರೆಯಕ್ಕೆ ಆಗತ್ತೇನೇ ಶಾರದಾ? ಅಷ್ಟಗ್ರಹ ಕೂಟ, ಪ್ರಳಯ ಆಗತ್ತೆ ಅಂತ ಊರಿಗೂರೇ ದೇವಸ್ಥಾನದಲ್ಲಿತ್ತು. ಸೂಲಗಿತ್ತೀನೂ ಭಜನೆಗೆ ಹೋಗಿದ್ಲು, ಕರೆಯೋಕೆ ಓಡಿದ್ದು ನಾನೇ. ದೀಪ ಹಚ್ಚೋ ಹೊತ್ತಿಗೆ ನೀನು ಅತ್ತೆ."

ದೀಪ ಹಚ್ಚೋ ಹೊತ್ತೆಂದರೆ ಆರೂವರೆ ಎಂದಿಟ್ಟುಕೊಂಡರು. ಪಂಚಾಂಗದ ಉದಯ ಬೆಂಗಳೂರಿನದು, 6-44. ಸಾಗರ ಅಲ್ಲಿಂದ ಎರಡೂವರೆ ಡಿಗ್ರಿ ಪಶ್ಚಿಮಕ್ಕೆ. ಡಿಗ್ರಿಗೆ ನಾಲ್ಕು ನಿಮಿಷ, ಅಂದರೆ ಹತ್ತು ನಿಮಿಷ ತಡ, 6-54. ಅಲ್ಲಿಂದ ಹನ್ನೊಂದು ಗಂಟೆ 36 ನಿಮಿಷ. 24ರಿಂದ ಭಾಗಿಸಿದರೆ ಸರಿಯಾಗಿ 29 ಗಳಿಗೆ, ಶೇಷವೇ ಇಲ್ಲ. ಮೇಷ್ಟ್ರು ಆ 29ರ ಕೆಳಗೆ ಎರಡು ಗೆರೆ ಎಳೆದರು, ಬೋರ್ಡಿನ ಮೇಲೆ ಎಳೆಯುತ್ತಿದ್ದ ಹಾಗೆ. ರಾಶಿಗಳನ್ನು ಕೂಡಿದಾಗ ಕಟಕ ಲಗ್ನ ಬಂತು. ಇನ್ನು ಅರ್ಧ ಗಂಟೆಯ ಮೇಲೆ ಹುಟ್ಟಿದ್ದರೆ ಸಿಂಹ ಆಗಿಬಿಡುತ್ತಿತ್ತು.

ಆಮೇಲೆ ಕುಂಡಲಿಯ ಮನೆಗಳಿಗೆ ಗ್ರಹ ತುಂಬುವ ಕೆಲಸ. ಮಕರದ ಚೌಕದಲ್ಲಿ ರ, ಚಂ, ಕು, ಬು ಬರೆಯುವಷ್ಟರಲ್ಲಿ ಜಾಗ ಮುಗಿಯಿತು. ಗು, ಶು, ಶ ಹೇಗೋ ಸಂದಿಯಲ್ಲಿ ತುರುಕಿದರು. ಕೇತು ಗೆರೆ ದಾಟಿ ಹೊರಗೆ ಬಿದ್ದ. ಉಳಿದ ಮನೆಗಳೆಲ್ಲಾ ಖಾಲಿ, ಎದುರಿನ ಕಟಕದಲ್ಲಿ ರಾಹು ಒಬ್ಬನೇ. ಹಾಳೆ ಹರಿದು ಮಕರವನ್ನು ದೊಡ್ಡದು ಮಾಡಿ ಮತ್ತೆ ಬರೆದರು. ಚೌಕ ಸೊಟ್ಟಗಾಯಿತು, ಆದರೂ ಎಂಟೂ ಹಿಡಿಸಿದವು.

ಶಾರದಮ್ಮ ಕಾಫಿ ಇಟ್ಟು ಬಗ್ಗಿ ನೋಡಿದರು.

"ಈ ಸಂತೆ ಯಾವ ಮನೇಲಿ?"

"ಲಗ್ನದಿಂದ ಏಳನೇದು."

"ಏಳನೇದು ಅಂದ್ರೆ?"

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. "ಗಂಡನ ಸ್ಥಾನ."

"ಓಹೋ. ಎಂಟು ಗ್ರಹಾನೂ ಸೇರಿ ಒಬ್ಬ ಗಂಡ." ಶಾರದಮ್ಮ ಎದುರಿನ ಮನೆಯ ಮೇಲೆ ಬೆರಳಿಟ್ಟರು. "ಇಲ್ಲೊಬ್ಬ ಕೂತಿದಾನಲ್ಲ, ಇವನ್ಯಾರು?"

"ರಾಹು. ಅದು ನಿನ್ನ ಮನೆ, ಲಗ್ನ."

"ಮತ್ತಿನ್ನೇನು, ಅಷ್ಟೂ ಜನಕ್ಕೆ ಇವನೊಬ್ಬ ಸಾಕು ಬಿಡಿ. ಕಾಫಿ ಆರತ್ತೆ, ಕುಡೀರಿ."